ರೆಕ್ಕೆಯ ಕೆಳಗೆ ಹಿಗ್ಗಿದ ಫ್ಯಾನ್

ಬೋಯಿಂಗ್ 737 ವಿಮಾನದ ಎಂಜಿನ್ ಕವಚ ಪೂರ್ಣ ವೃತ್ತಾಕಾರದಲ್ಲಿರದೆ ಕೆಳಗೆ ಚಪ್ಪಟೆಯಾಗಿರುವುದಕ್ಕೆ ಟರ್ಬೋಫ್ಯಾನ್ ಎಂಜಿನ್ನುಗಳ ಬೈಪಾಸ್ ಅನುಪಾತ ಏರುತ್ತ ಬಂದದ್ದೇ ಕಾರಣ. ಎಂಜಿನ್ನಿನ ಮುಂದಿನ ಫ್ಯಾನ್ ಒಳಗೆಳೆದುಕೊಂಡ ಗಾಳಿಯಲ್ಲಿ ಒಂದು ಪಾಲು ನಡುವಿನ ದಹನಭಾಗವನ್ನು ಹೊಕ್ಕರೆ, ಉಳಿದದ್ದು ಉರಿಯದೆ ಅದನ್ನು ಬಳಸಿಕೊಂಡು ಹಿಂದಕ್ಕೆ ಹೋಗುತ್ತದೆ. ಹೀಗೆ ಬಳಸಿ ಹೋಗುವ ಗಾಳಿ ಒಳಹೊಕ್ಕ ಗಾಳಿಯ ಎಷ್ಟು ಪಟ್ಟಿದೆ ಎಂಬುದನ್ನು ಈ ಅನುಪಾತ ಹೇಳುತ್ತದೆ.

ವಿಮಾನವನ್ನು ಮುಂದೊತ್ತುವ ನೂಕುಬಲವು ಗಾಳಿಯ ರಾಶಿ ಮತ್ತು ಅದು ಪಡೆದ ಹೆಚ್ಚುವರಿ ವೇಗಗಳ ಗುಣಲಬ್ಧವಾದರೆ, ಅದಕ್ಕೆ ತಗಲುವ ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಸ್ವಲ್ಪ ಗಾಳಿಯನ್ನು ರಭಸದಿಂದ ಚಿಮ್ಮಿಸುವುದಕ್ಕಿಂತ ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದರಲ್ಲಿ ಇಂಧನ ಉಳಿಯುತ್ತದೆ. ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹಾರುವ ವಿಮಾನದ ಜೆಟ್ ಧಾರೆ 600 ಮೀಟರ್ ವೇಗದ್ದಾದರೆ, ಧಾರೆಗೆ ಕೊಟ್ಟ ಶಕ್ತಿಯಲ್ಲಿ ಸುಮಾರು 57 ಪ್ರತಿಶತ ಮಾತ್ರ ವಿಮಾನವನ್ನು ಮುಂದೊಯ್ಯಲು ಒದಗುತ್ತದೆ. ಧಾರೆಯನ್ನು 320 ಮೀಟರಿಗೆ ಇಳಿಸಿದರೆ ಆ ಪಾಲು 86ಕ್ಕೆ ಏರುತ್ತದೆ.

ಸದ್ದಿನ ಲೆಕ್ಕ ಇನ್ನೂ ತೀವ್ರವಾದುದು. ಜೆಟ್ ಧಾರೆಯ ಸದ್ದಿನ ಶಕ್ತಿಯು ಅದರ ವೇಗದ ಎಂಟನೆಯ ಘಾತದಂತೆ ಏರುತ್ತದೆಂದು ಬ್ರಿಟಿಷ್ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿದ್ದರು. ನಿಂತ ವಿಮಾನದಲ್ಲಿ ಅಷ್ಟೇ ನೂಕುಬಲವನ್ನು ಅರ್ಧ ವೇಗದಲ್ಲಿ ಪಡೆಯಲು ಧಾರೆಯ ಅಡ್ಡಳತೆಯ ವಿಸ್ತಾರವನ್ನು ನಾಲ್ಕು ಪಟ್ಟು ಮಾಡಬೇಕಾದರೂ, ಒಟ್ಟು ಸದ್ದು 64ರಲ್ಲಿ ಒಂದು ಪಾಲಿಗೆ, ಅಂದರೆ 18 ಡೆಸಿಬೆಲ್‌ನಷ್ಟು, ತಗ್ಗುತ್ತದೆ.

1967ರಲ್ಲಿ ಮೊದಲು ಹಾರಿದ 737ರ ಎಂಜಿನ್ನಿನಲ್ಲಿ ಅನುಪಾತ ಸುಮಾರು ಒಂದೇ ಇತ್ತು. ಫ್ಯಾನಿನ ವ್ಯಾಸ ಒಂದು ಮೀಟರಿನಷ್ಟೇ ಆದ್ದರಿಂದ ವಿಮಾನವನ್ನು ನೆಲಕ್ಕೆ ಹತ್ತಿರವಾಗಿ ಕಟ್ಟಲು ಸಾಧ್ಯವಾಗಿ, ಸಣ್ಣ ನಿಲ್ದಾಣಗಳಲ್ಲಿ ಸಾಮಾನು ಏರಿಸುವುದು ಸುಲಭವಾಯಿತು. 1984ರಲ್ಲಿ ಹಾರಿದ 737-300ಕ್ಕೆ ಸಿಎಫ್ಎಂ56 ಎಂಜಿನ್ ಬೇಕೆಂದಾಗ ಈ ಅನುಕೂಲವೇ ತೊಡಕಾಯಿತು. ಎಂಜಿನಿಯರುಗಳು 1.73 ಮೀಟರಿನ ಫ್ಯಾನನ್ನು 1.52 ಮೀಟರಿಗೆ ಕಿರಿದುಗೊಳಿಸಿ, ಎಂಜಿನ್ನನ್ನು ರೆಕ್ಕೆಯ ಮುಂದಕ್ಕೆ ಸರಿಸಿ, ಅಡಿಯಲ್ಲಿರುತ್ತಿದ್ದ ಪೂರಕ ಉಪಕರಣಗಳನ್ನು ಪಕ್ಕಕ್ಕೆ ಒಯ್ದು, ಕವಚದ ತಳವನ್ನು ಚಪ್ಪಟೆ ಮಾಡಿ ಅನುಪಾತವನ್ನು ಐದರ ಸಮೀಪಕ್ಕೆ ತಂದರು. ದಹನಭಾಗದ ಸುಧಾರಣೆಯೂ ಇಂಧನದ ಉಳಿತಾಯದಲ್ಲಿ ಪಾಲುದಾರ ಎಂಬುದನ್ನು ಇಲ್ಲಿ ಮರೆಯಬಾರದು. ಜೆಟ್ಟಿನ ಗುಡುಗು ತಗ್ಗಿದಾಗ, ಅದರಲ್ಲಿ ಅಡಗಿದ್ದ ಫ್ಯಾನಿನ ಸದ್ದು ಎದ್ದು ಕೇಳತೊಡಗಿತು. ವಿಮಾನ ಮೇಲೇರುವಾಗ ಅಲಗಿನ ತುದಿ ಶಬ್ದವೇಗವನ್ನು ಮೀರಿದರೆ ಗರಗಸದಂಥ ಗರಗರ ಹುಟ್ಟುತ್ತದೆ.

2017ರಲ್ಲಿ ಸೇವೆಗೆ ಬಂದ 737 ಮ್ಯಾಕ್ಸ್‌ನ ಲೀಪ್ ಎಂಜಿನ್ನಿಗೆ 1.76 ಮೀಟರಿನ ಫ್ಯಾನ್, ಒಂಬತ್ತರ ಅನುಪಾತ. ಅದಕ್ಕಾಗಿ ಮುಂಗಾಲನ್ನು ಸುಮಾರು 20 ಸೆಂಟಿಮೀಟರ್ ಉದ್ದ ಮಾಡಬೇಕಾಯಿತು. ಕಾಲು ಎತ್ತರವಿರುವ ಏರ್‌ಬಸ್ ಎ320 ನಿಯೋ ಮಾತ್ರ ಅದೇ ಮನೆತನದ 1.98 ಮೀಟರಿನ ಫ್ಯಾನನ್ನು ಹೊತ್ತು ಹನ್ನೊಂದನ್ನು ತಲುಪಿತು. ಇದಕ್ಕಿಂತ ಮುಂದೆ ಹೋದಂತೆ ಲಾಭ ಕಿರಿದಾಗುತ್ತದೆ: ಮೇಲಿನ ಲೆಕ್ಕದಲ್ಲಿ ಧಾರೆಯನ್ನು 320ರಿಂದ 300ಕ್ಕೆ ಇಳಿಸಿದರೆ 86 ಪ್ರತಿಶತ 89 ಆಗುತ್ತದೆ ಅಷ್ಟೆ, ಆ ಮೂರನ್ನೂ ಹಿಗ್ಗಿದ ಕವಚದ ತೂಕ ಮತ್ತು ಗಾಳಿಯ ಎಳೆತಗಳು ನುಂಗಿಬಿಡಬಹುದು.