ಟ್ರಾವೆಲ್ಸ್‌ಗೆ ಹೆಸರಿಡುವ ಮುನ್ನ

ಹಾಸನದಲ್ಲಿ ಟ್ರಾವೆಲ್ಸ್ ತೆರೆಯುವವರಿಗೆ ‘ಶ್ರೀ ಮಂಜುನಾಥ’ ಎಂಬ ಹೆಸರು ಥಟ್ಟನೆ ಹೊಳೆಯುತ್ತದೆ. ಧರ್ಮಸ್ಥಳಕ್ಕೆ ಹೊರಟ ಕುಟುಂಬಕ್ಕೆ ಅದು ಆಪ್ತವೂ ಹೌದು. ಆದರೆ ಅದೇ ಹೆಸರಿನವರು ಊರೂರಲ್ಲೂ ಇದ್ದಾರೆ. ನಡುರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದವರು ಫೋನಿನಲ್ಲಿ ಹುಡುಕಿದರೆ ಬೇರೆ ಯಾರದೋ ನಂಬರ್ ಸಿಗಬಹುದು. ‘ಹಾಸನ ಮಂಜುನಾಥ ಕ್ಯಾಬ್ಸ್’ ಎಂದಿಟ್ಟರೆ ಆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ, ತಕರಾರಿದ್ದರೆ ಯಾವ ಊರಿಗೆ ಹೋಗಿ ಕೇಳಬೇಕೆಂದೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ Manjunatha, Manjunath ಎರಡರಲ್ಲಿ ಒಂದಕ್ಕೇ ಅಂಟಿಕೊಳ್ಳಬೇಕು.

ದೂರದ ಪ್ರವಾಸಕ್ಕೆ ಮುಂಗಡ ಕಳಿಸುವಾಗ ಯುಪಿಐ ಪರದೆಯಲ್ಲಿ ಮಾಲೀಕರ ಅಣ್ಣನ ಹೆಸರು ಬಂದರೆ ಗಿರಾಕಿ ಅಲ್ಲೇ ಹಿಂಜರಿಯುತ್ತಾರೆ. ಸಂಸ್ಥೆಯ ಹೆಸರಲ್ಲೇ ಕರೆಂಟ್ ಅಕೌಂಟ್ ತೆರೆಯುವುದು ಇದಕ್ಕಾಗಿಯೇ. ಬಿಲ್ಲು, ಕಾರಿನ ಗಾಜು, ನಿಲ್ದಾಣದಲ್ಲಿ ಚಾಲಕ ಹಿಡಿಯುವ ಫಲಕ, ಎಲ್ಲದರಲ್ಲೂ ಅದೇ ಹೆಸರಿರಲಿ.