ಮಾಪಕದ ತಟ್ಟೆಯೂ ಗಡಿಯಾರದ ಸೆಕೆಂಡೂ

ಅಂಗಡಿಯಲ್ಲಿ ಕೊಳಗದಿಂದ ಧಾನ್ಯ ಅಳೆಯುವಾಗಲೂ ಗಜಕಡ್ಡಿಯಿಂದ ಬಟ್ಟೆ ಅಳೆಯುವಾಗಲೂ ಕೊಳ್ಳುವವನು ಎದುರಿಗೆ ನಿಂತು ನೋಡಬಲ್ಲನು. ವಿದ್ಯುತ್ತಿನ ವ್ಯವಹಾರದಲ್ಲಿ ಆ ಅನುಕೂಲವಿಲ್ಲ. ಸರಕು ಕಣ್ಣಿಗೆ ಕಾಣದು. ಗೋಡೆಯ ಮೇಲಿನ ಕರಿಯ ಪೆಟ್ಟಿಗೆ ಹೇಳಿದ್ದೇ ಲೆಕ್ಕ. ಆದಕಾರಣ ತಿಂಗಳ ಬಿಲ್ಲು ಏರಿದಾಗ ಮೊದಲ ಸಂಶಯ ಮಾಪಕದ ಮೇಲೆಯೇ ಬೀಳುತ್ತದೆ. ಆದರೆ ತಿರುಗುವ ತಟ್ಟೆಯುಳ್ಳ ಹಳೆಯ ಮಾದರಿಯ ಮೀಟರು ತನ್ನನ್ನು ಪರೀಕ್ಷಿಸುವ ಸೂತ್ರವನ್ನು ತನ್ನ ಹಣೆಯ ಮೇಲೆಯೇ ಬರೆದುಕೊಂಡಿರುತ್ತದೆಂಬುದನ್ನು ಅನೇಕರು ಗಮನಿಸಿರುವುದಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರವು 2006ರಲ್ಲಿ ಹೊರಡಿಸಿದ ನಿಯಮಾವಳಿಯು ಗ್ರಾಹಕರ ಮಾಪಕಗಳು ತಿರುಗುವ ಭಾಗಗಳಿಲ್ಲದ ಸ್ಥಿರ ಮಾದರಿಯವಾಗಿರಬೇಕೆಂದು ವಿಧಿಸಿತು. ಆದರೂ ವಠಾರಗಳಲ್ಲಿ, ಬಾಡಿಗೆಯ ಮನೆ ಮಳಿಗೆಗಳಲ್ಲಿ, ಮಾಲೀಕನು ಬಾಡಿಗೆದಾರನ ಪಾಲನ್ನು ತಿಳಿಯಲೆಂದು ತಾನೇ ಹಾಕಿಸಿದ ಉಪಮಾಪಕಗಳ ರೂಪದಲ್ಲಿ ತಟ್ಟೆಯ ಮೀಟರುಗಳು ಇನ್ನೂ ಸುತ್ತುತ್ತಿವೆ. ಇಲ್ಲಿ ವಿವಾದ ಹುಟ್ಟಿದರೆ ಬಂದು ತೀರ್ಪು ಹೇಳುವ ಅಧಿಕಾರಿ ಯಾರೂ ಇಲ್ಲ. ಒಂದೇ ಅಂಗಳದಲ್ಲಿ ಬಾಳುವ ಇಬ್ಬರ ನಡುವಣ ವಿಶ್ವಾಸವೇ ಪಣವಾಗುತ್ತದೆ.

ಮಾಪಕದೊಳಗೆ ತೆಳುವಾದ ಅಲ್ಯೂಮಿನಿಯಮ್ ತಟ್ಟೆಯೊಂದು ನಿಂತ ಅಚ್ಚಿನ ಮೇಲೆ ಅಡ್ಡಲಾಗಿ ಕುಳಿತಿರುತ್ತದೆ. ಅದರ ಒಂದು ಪಕ್ಕದಲ್ಲಿ ಎರಡು ತಂತಿಸುರುಳಿಗಳುಂಟು. ಸಣ್ಣ ತಂತಿಯನ್ನು ಸಾವಿರಾರು ಸಲ ಸುತ್ತಿದ ಸುರುಳಿ ವೋಲ್ಟೇಜನ್ನು ಅರಿಯುತ್ತದೆ; ದಪ್ಪ ತಂತಿಯ ಕೆಲವೇ ಸುತ್ತುಗಳುಳ್ಳ ಸುರುಳಿ ಮನೆಗೆ ಹರಿಯುವ ಪ್ರವಾಹವನ್ನು ಅರಿಯುತ್ತದೆ. ಇವೆರಡರ ಕಾಂತಬಲಗಳು ಕೂಡಿ ತಟ್ಟೆಯನ್ನು ತಿರುಗಿಸುತ್ತವೆ. ಇನ್ನೊಂದು ಪಕ್ಕದಲ್ಲಿರುವ ಶಾಶ್ವತ ಕಾಂತವು ತಟ್ಟೆಯನ್ನು ಮುಟ್ಟದೆಯೇ ಹಿಡಿದು ನಿಧಾನಗೊಳಿಸುತ್ತದೆ. ತಟ್ಟೆ ವೇಗವಾಗಿ ಓಡಿದಷ್ಟೂ ಈ ಹಿಡಿತ ಬಿಗಿಯಾಗುವುದರಿಂದ ಅದರ ವೇಗವು ಬಳಕೆಯಾಗುತ್ತಿರುವ ವ್ಯಾಟುಗಳಿಗೆ ಸರಿಸಮನಾದ ಪ್ರಮಾಣದಲ್ಲಿ ನಿಲ್ಲುತ್ತದೆ. ಇದರಿಂದಲೇ ಮಾಪಕ ಕೆಡುವ ಬಗೆಯನ್ನೂ ಊಹಿಸಬಹುದು. ಕಾಂತದ ಬಲ ಕುಂದಿದರೆ ತಟ್ಟೆ ಹೆಚ್ಚು ಓಡುತ್ತದೆ. ಅಚ್ಚಿನ ಬುಡ ಸವೆದರೆ, ಧೂಳು ತುಂಬಿದರೆ, ಹಿಂದೆ ಬೀಳುತ್ತದೆ. ಘರ್ಷಣೆಯ ಈ ಎರಡನೆಯ ದೋಷ ಸಣ್ಣ ದೀಪವೊಂದೇ ಉರಿಯುವಾಗ ಎದ್ದು ಕಾಣುತ್ತದೆ. ಮುದಿ ಮಾಪಕ ಬಳಸುವವನ ಪಕ್ಷವನ್ನೇ ವಹಿಸುವ ಸಂಭವವೂ ಕಡಿಮೆಯೇನಲ್ಲ ಎಂಬುದನ್ನು ದೂರುವವರು ನೆನಪಿನಲ್ಲಿಡುವುದು ಲೇಸು.

ಇನ್ನು ಹಣೆಬರಹ. ಮಾಪಕದ ಫಲಕದಲ್ಲಿ ವೋಲ್ಟು ಆಂಪಿಯರುಗಳ ಜೊತೆಗೆ ಒಂದು ಕಿಲೋವ್ಯಾಟ್-ಗಂಟೆಗೆ, ಅಂದರೆ ಒಂದು ಯೂನಿಟ್ಟಿಗೆ, ತಟ್ಟೆ ಎಷ್ಟು ಸುತ್ತು ಬರುತ್ತದೆಂಬ ಸಂಖ್ಯೆ ಅಚ್ಚಾಗಿರುತ್ತದೆ. ಅದು 600 ಇರಬಹುದು, 1200 ಇರಬಹುದು. ಒಂದು ಯೂನಿಟ್ಟೆಂದರೆ ಸಾವಿರ ವ್ಯಾಟು 3600 ಸೆಕೆಂಡುಗಳ ಕಾಲ, ಅಂದರೆ 36,00,000 ವ್ಯಾಟ್-ಸೆಕೆಂಡು. ಇದನ್ನು 600ರಿಂದ ಭಾಗಿಸಿದರೆ ಸುತ್ತೊಂದಕ್ಕೆ 6000 ವ್ಯಾಟ್-ಸೆಕೆಂಡು ಬರುತ್ತದೆ. ಆದಕಾರಣ 1000 ವ್ಯಾಟಿನ ಹೊರೆಯಿದ್ದಾಗ ಅಂಥ ಮಾಪಕದ ತಟ್ಟೆ ಸುತ್ತೊಂದಕ್ಕೆ 6 ಸೆಕೆಂಡನ್ನೂ, 100 ವ್ಯಾಟಿದ್ದಾಗ ಒಂದು ನಿಮಿಷವನ್ನೂ ತೆಗೆದುಕೊಳ್ಳತಕ್ಕದ್ದು. ಅದಕ್ಕಿಂತ ಬೇಗ ಸುತ್ತಿದರೆ ಮಾಪಕ ಹೆಚ್ಚು ತೋರಿಸುತ್ತಿದೆ, ತಡವಾಗಿ ಸುತ್ತಿದರೆ ಕಡಿಮೆ ತೋರಿಸುತ್ತಿದೆ. ತತ್ತ್ವ ಇಷ್ಟೇ. ತೊಡಕೆಲ್ಲ ಆಚರಣೆಯಲ್ಲಿದೆ.

ತಟ್ಟೆಯ ಅಂಚಿನಲ್ಲಿ ಕಪ್ಪು ಅಥವಾ ಕೆಂಪು ಗುರುತೊಂದಿರುತ್ತದೆ. ಅದು ಕಿಂಡಿಯ ನಡುವೆ ಬಂದೊಡನೆ ಗಡಿಯಾರ ಹೊರಡಿಸಬೇಕು. ಆ ಕ್ಷಣಕ್ಕೆ ‘ಸೊನ್ನೆ’ ಎನ್ನಬೇಕು, ‘ಒಂದು’ ಎನ್ನಬಾರದು. ಮೊದಲ ಪೆಟ್ಟನ್ನೇ ಒಂದೆಂದು ಎಣಿಸುವುದು ತಾಳ ಹಾಕಿ ಹಾಡುವವರಿಗೆ ಸಹಜ. ಇಲ್ಲಿ ಆ ಅಭ್ಯಾಸವೇ ಶತ್ರು. ಇಪ್ಪತ್ತು ಸುತ್ತೆಂದು ತಿಳಿದು ಹತ್ತೊಂಬತ್ತಕ್ಕೇ ಗಡಿಯಾರ ನಿಲ್ಲಿಸಿದವನಿಗೆ ನಿರ್ದೋಷಿಯಾದ ಮಾಪಕವೂ ಶೇಕಡಾ 5ರಷ್ಟು ಹೆಚ್ಚು ಓಡುವಂತೆ ಕಾಣುತ್ತದೆ. ಒಂದೇ ಸುತ್ತನ್ನು ಅಳೆದು ತೀರ್ಮಾನಿಸುವುದೂ ತಪ್ಪು. ಗುಂಡಿ ಒತ್ತುವ ಬೆರಳು ಒಂದು ಸೆಕೆಂಡಿನ ಐದನೆಯ ಒಂದು ಪಾಲು ತಡಮಾಡಿದರೂ 6 ಸೆಕೆಂಡಿನ ಸುತ್ತಿನಲ್ಲಿ ಅದು ಶೇಕಡಾ 3ಕ್ಕೂ ಮೀರಿದ ದೋಷ. ಇಪ್ಪತ್ತು ಸುತ್ತು ಎಣಿಸಿದರೆ ಅದೇ ತಡ ಲೆಕ್ಕಕ್ಕೆ ಬಾರದಷ್ಟು ಕಿರಿದಾಗುತ್ತದೆ.

ಹೊರೆಯ ಆಯ್ಕೆಯೂ ಮುಖ್ಯ. ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ಆರಿ ಮತ್ತೆ ಹತ್ತಿಕೊಳ್ಳುವುದರಿಂದ ಅದು ಕೆಲಸಕ್ಕೆ ಬಾರದು. ಫ್ಯಾನು, ಪಂಪು, ಚೋಕುಳ್ಳ ಟ್ಯೂಬ್‌ಲೈಟುಗಳಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ನಿಜವಾದ ವ್ಯಾಟು ಸಿಗುವುದಿಲ್ಲ. ನೀರು ಕಾಯಿಸುವ ಇಮ್ಮರ್ಷನ್ ರಾಡು ಇದಕ್ಕೆ ಹೇಳಿ ಮಾಡಿಸಿದ ವಸ್ತು. ಅದನ್ನು ನೀರಿನಲ್ಲಿ ಮುಳುಗಿಸಿ ಎರಡು ಮೂರು ನಿಮಿಷ ಕಾಯಗೊಟ್ಟು, ಉಳಿದೆಲ್ಲವನ್ನೂ ಆರಿಸಿ ಎಣಿಕೆಗೆ ತೊಡಗಬೇಕು. ನಡುವೆ ತಾನಾಗಿ ಓಡಲಾರಂಭಿಸುವ ರೆಫ್ರಿಜರೇಟರನ್ನು ಮರೆತರೆ ಎಲ್ಲವೂ ವ್ಯರ್ಥ.

ಈಗ ಒಂದು ದೃಷ್ಟಾಂತ. ವಠಾರವೊಂದರ ಮುಂಭಾಗದಲ್ಲಿ ದರ್ಜಿಯೊಬ್ಬನಿಗೆ ಬಾಡಿಗೆಗೆ ಕೊಟ್ಟ ಮನೆ. ಅದಕ್ಕೆ 600 ಸುತ್ತಿನ ಉಪಮಾಪಕ. ಬಿಲ್ಲು ಹೆಚ್ಚುತ್ತಿದೆಯೆಂದು ದರ್ಜಿಗೆ ಕೊರಗು. “ಯಜಮಾನರೆ, ಈ ಮೀಟರು ಓಡುತ್ತದೆ” ಎಂದು ಅವನು. “ನೋಡಪ್ಪಾ, ಓಡುವುದು ಮೀಟರಲ್ಲ, ನಿನ್ನ ಇಸ್ತ್ರಿ” ಎಂದು ಮಾಲೀಕರು. ಮಾತು ಮನೆ ಬಿಡುವವರೆಗೆ ಬೆಳೆದಾಗ ನೆರೆಯ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರನ್ನು ಇಬ್ಬರೂ ಕರೆದರು. ಅವರು ಒಂದು ಸಂಜೆ ಬಂದು, 1000 ವ್ಯಾಟೆಂದು ಬರೆದಿದ್ದ ರಾಡನ್ನು ನೀರಿಗಿಳಿಸಿ, ಇಬ್ಬರ ಕಣ್ಣೆದುರಿಗೇ ಇಪ್ಪತ್ತು ಸುತ್ತು ಎಣಿಸಿದರು. 141 ಸೆಕೆಂಡು ಹಿಡಿಯಿತು.

ಮಾಲೀಕರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸಾವಿರ ವ್ಯಾಟಿಗೆ ಇಪ್ಪತ್ತು ಸುತ್ತೆಂದರೆ 120 ಸೆಕೆಂಡು. 141 ಹಿಡಿದಿದೆಯೆಂದರೆ ಮಾಪಕ ಶೇಕಡಾ 15ರಷ್ಟು ಹಿಂದೆ! “ಹಾಗಾದರೆ ಇಷ್ಟು ದಿನ ನಷ್ಟವಾದದ್ದು ನನಗೆ” ಎಂದರು. ಈ ಪರೀಕ್ಷೆಯಲ್ಲಿ ಬಹುತೇಕರು ಎಡವುವುದು ಇಲ್ಲಿಯೇ. ರಾಡಿನ ಮೇಲೆ ಬರೆದ ವ್ಯಾಟು 230 ವೋಲ್ಟು ಇದ್ದಾಗ ಮಾತ್ರ ಸಲ್ಲುವ ಮಾತು. ಸಂಜೆಯ ಹೊತ್ತು ಊರೆಲ್ಲ ದೀಪ ಹಚ್ಚಿದಾಗ ವೋಲ್ಟೇಜು ಇಳಿಯುತ್ತದೆ. ಕಾಯುವ ಸುರುಳಿಯ ವ್ಯಾಟು ವೋಲ್ಟಿನ ವರ್ಗದಂತೆ ಇಳಿಯುವುದರಿಂದ ವೋಲ್ಟು ಶೇಕಡಾ 8ರಷ್ಟು ತಗ್ಗಿದರೆ ವ್ಯಾಟು ಶೇಕಡಾ 15ರಷ್ಟು ತಗ್ಗುತ್ತದೆ. ಬರೆದುದನ್ನು ನಂಬದೆ ಅಳೆದು ನೋಡಬೇಕು.

ಮೇಷ್ಟ್ರು ಹಾಗೆಯೇ ಮಾಡಿದರು. ಎಣಿಕೆಯ ಆದಿ, ಮಧ್ಯ, ಅಂತ್ಯಗಳಲ್ಲಿ ನೋಡಿದ ವೋಲ್ಟೇಜಿನ ಸರಾಸರಿ 212, ಪ್ರವಾಹ 3.92 ಆಂಪಿಯರು. ಗುಣಿಸಿದರೆ 831 ವ್ಯಾಟು. ಅದಕ್ಕೆ ಇಪ್ಪತ್ತು ಸುತ್ತಿನ 1,20,000 ವ್ಯಾಟ್-ಸೆಕೆಂಡುಗಳನ್ನು ಭಾಗಿಸಿದರೆ 144.4 ಸೆಕೆಂಡು ಹಿಡಿಯಬೇಕಾಗಿತ್ತು. ಹಿಡಿದದ್ದು 141. ಎಂದರೆ ಮಾಪಕ ಶೇಕಡಾ 2.4ರಷ್ಟು ಹೆಚ್ಚು ತೋರಿಸುತ್ತಿತ್ತು. ಅಂಥ ಮಾಪಕದ ವರ್ಗ 2 ಎಂದು ಫಲಕದಲ್ಲಿದ್ದರೆ ಶೇಕಡಾ 2ರವರೆಗಿನ ದೋಷ ಕ್ಷಮ್ಯವೆಂದರ್ಥ. ಕೈಯಲ್ಲಿದ್ದ ವೋಲ್ಟ್‌ಮೀಟರು, ಆಮೀಟರುಗಳಿಗೂ ತಮ್ಮವೇ ಆದ ಒಂದೆರಡು ಶೇಕಡಾ ದೋಷಗಳುಂಟಾಗಿ, ಈ 2.4ರಿಂದ ಮಾಪಕವನ್ನು ಅಪರಾಧಿಯೆನ್ನಲು ಬಾರದು. ಮನೆಯ ಪರೀಕ್ಷೆಗೆ ಶೇಕಡಾ 10ರ ದೋಷ ಖಂಡಿತ ಕಾಣುತ್ತದೆ, 5ರದು ಎಚ್ಚರದಿಂದ ಅಳೆದರೆ ಕಾಣುತ್ತದೆ, 2ರದು ಕಾಣದು.

ತಟ್ಟೆ ಸರಿಯಿದ್ದರೂ ಅಂಕಿಗಳನ್ನು ಉರುಳಿಸುವ ಹಲ್ಲುಚಕ್ರಗಳು ತಪ್ಪಿರಬಹುದೆಂಬ ಸಂಶಯ ಉಳಿಯುತ್ತದೆ. ಅದಕ್ಕಾಗಿ 60 ಸುತ್ತು ಎಣಿಸಲಾಯಿತು. ದಶಾಂಶದ ಕೆಂಪು ಉರುಳೆ ಒಂದು ಅಂಕಿ ಸರಿಯಾಗಿ ಮುಂದೆ ಸರಿಯಿತು. ಅಲ್ಲಿಗೆ ಮಾಪಕ ದೋಷಮುಕ್ತವಾಯಿತು. ದರ್ಜಿಯ ಮುಖ ಬಾಡಿತು.

ಆದರೆ ಮೇಷ್ಟ್ರು ರಾಡನ್ನು ತೆಗೆದು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಯೂ ಕಿಂಡಿಯ ಮುಂದಿನಿಂದ ಏಳಲಿಲ್ಲ. ಹೊರೆಯೇನೂ ಇಲ್ಲದಿರುವಾಗ ತಟ್ಟೆ ನಿಲ್ಲಬೇಕು. ಅದು ತೆವಳದಿರಲೆಂದೇ ತಯಾರಕರು ತಟ್ಟೆಯಲ್ಲಿ ಎರಡು ಸಣ್ಣ ರಂಧ್ರಗಳನ್ನು ಕೊರೆದಿರುವುದುಂಟು. ಒಂದು ಸುತ್ತು ಮುಗಿಯುವುದರೊಳಗೆ ರಂಧ್ರವು ಕಾಂತದ ಬಳಿ ಸಿಕ್ಕಿ ತಟ್ಟೆ ನಿಲ್ಲುತ್ತದೆ. ಇಲ್ಲಿ ತಟ್ಟೆ ನಿಲ್ಲಲಿಲ್ಲ. ಮೆಲ್ಲಮೆಲ್ಲನೆ, ಸುತ್ತೊಂದಕ್ಕೆ 114 ಸೆಕೆಂಡಿನಂತೆ, ತಿರುಗುತ್ತಲೇ ಇತ್ತು. ಮಾಪಕದ ಆಚೆಗಿನ ಮುಖ್ಯ ಸ್ವಿಚ್ಚನ್ನು ಕಿತ್ತಾಗ ಮಾತ್ರ ನಿಂತಿತು. ಮುಖ್ಯ ಸ್ವಿಚ್ಚು ಆರಿಸಿದ ಮೇಲೂ ತಿರುಗಿದ್ದರೆ ದೋಷ ಮಾಪಕದ್ದು. ನಿಂತದ್ದರಿಂದ ಎಲ್ಲಿಯೋ ಯಾವುದೋ ಹೊರೆ ಉಳಿದಿದೆಯೆಂದೇ ಅರ್ಥ. 6000ವನ್ನು 114ರಿಂದ ಭಾಗಿಸಿದರೆ ಸುಮಾರು 53 ವ್ಯಾಟು. 60 ವ್ಯಾಟಿನ ತಂತುದೀಪ 212 ವೋಲ್ಟಿನಲ್ಲಿ ತೆಗೆದುಕೊಳ್ಳುವುದೂ ಸರಿಸುಮಾರು ಅಷ್ಟೇ. ಹುಡುಕುತ್ತ ಹೋದಾಗ ಹಿತ್ತಲ ಓಣಿಯಲ್ಲಿ, ವಠಾರದವರೆಲ್ಲ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಒಂದು ದೀಪ ಉರಿಯುತ್ತಿತ್ತು. ಹಿಂದೆಂದೋ ತಂತಿ ಎಳೆದವನು ಹತ್ತಿರ ಸಿಕ್ಕಿತೆಂದು ದರ್ಜಿಯ ಮನೆಯ ಸಾಲಿಗೇ ಅದನ್ನು ಸೇರಿಸಿಬಿಟ್ಟಿದ್ದ. ರಾತ್ರಿ 12 ಗಂಟೆಗಳಂತೆ ತಿಂಗಳಿಗೆ 360 ಗಂಟೆ ಉರಿದರೆ ಸುಮಾರು 19 ಯೂನಿಟ್ಟು. ಮಾಪಕದ ಶೇಕಡಾ 2.4ರಿಂದ ತಿಂಗಳಿಗೆ 60 ಯೂನಿಟ್ಟು ಸುಡುವವನಿಗೆ ತಗಲುವ ಹೊರೆ ಒಂದೂವರೆ ಯೂನಿಟ್ಟು ಮಾತ್ರ.

ಹಗಲಲ್ಲಿ ಪರೀಕ್ಷಿಸಿದ್ದರೆ ಆ ದೀಪ ಆರಿದ್ದು ತಟ್ಟೆ ನಿಶ್ಚಲವಾಗಿರುತ್ತಿತ್ತು; ದರ್ಜಿಯು ಸುಳ್ಳುಗಾರನೆಂಬ ಮಾತು ನಿಲ್ಲುತ್ತಿತ್ತು. ಮಾಲೀಕರು ಮರುದಿನವೇ ದೀಪವನ್ನು ತಮ್ಮ ಸಾಲಿಗೆ ಹಾಕಿಸಿಕೊಂಡು, ಕಳೆದ ತಿಂಗಳುಗಳ ಲೆಕ್ಕವನ್ನು ಬಾಡಿಗೆಯಲ್ಲಿ ಮುರಿದುಕೊಂಡರು.

ವಿದ್ಯುತ್ ಸಂಸ್ಥೆಯ ಮುಖ್ಯ ಮಾಪಕದಲ್ಲಿ ಸಂಶಯ ಬಂದಾಗ ಮೊಹರನ್ನು ಮುಟ್ಟಬಾರದು. ಮನೆಯ ಎಣಿಕೆಯಿಂದ ಸಂಶಯ ದೃಢಪಟ್ಟರೆ ಶುಲ್ಕ ಕಟ್ಟಿ ಪರೀಕ್ಷೆಗೆ ಅರ್ಜಿ ಕೊಡುವುದೇ ಮಾರ್ಗ. ತಟ್ಟೆಯಿಲ್ಲದ ಹೊಸ ಮಾಪಕದಲ್ಲಿ ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಫಲಕದಲ್ಲಿ ಯೂನಿಟ್ಟಿಗೆ 3200 ಮಿಟುಕು ಎಂದಿದ್ದರೆ ಮಿಟುಕೊಂದಕ್ಕೆ 1125 ವ್ಯಾಟ್-ಸೆಕೆಂಡು. ಎಣಿಕೆ ಅಲ್ಲಿಯೂ ಸೊನ್ನೆಯಿಂದಲೇ ಆರಂಭವಾಗತಕ್ಕದ್ದು.