ಗಾಜಿನ ಗೋಳದ ಸಂಗಮದೂರ ಎಲ್ಲಿಂದ?

ಹವಾಮಾನ ಕೇಂದ್ರಗಳಲ್ಲಿ ಬಿಸಿಲಿನ ಅವಧಿ ಅಳೆಯುವ ಕ್ಯಾಂಬೆಲ್–ಸ್ಟೋಕ್ಸ್ ಉಪಕರಣದ ಜೀವಾಳ ಒಂದು ಗಾಜಿನ ಗೋಳ. ಅದು ಸೂರ್ಯನ ಕಿರಣಗಳನ್ನು ಕೂಡಿಸಿ ಹಿಂದಿನ ಕಾಗದದ ಪಟ್ಟಿಯನ್ನು ಸುಡುತ್ತದೆ. ಪಟ್ಟಿಯನ್ನು ಎಷ್ಟು ದೂರದಲ್ಲಿಡಬೇಕು?

ಗೋಳದ ತ್ರಿಜ್ಯ 50 ಮಿ.ಮೀ., ವಕ್ರೀಭವನ ಸೂಚ್ಯಂಕ 1.5 ಎನ್ನೋಣ. ತೆಳು ಮಸೂರದ ಸೂತ್ರ ಕೊಡುವ ಸಂಗಮದೂರ 50 ಮಿ.ಮೀ. ಆದರೆ ಸೂರ್ಯನ ಬಿಂಬ ಮೂಡುವುದು ಗೋಳದ ಹಿಂಬದಿಯಿಂದ ಸುಮಾರು 25 ಮಿ.ಮೀ. ಆಚೆ. ನಿಜವಾದ ಸಂಗಮದೂರವೋ 75 ಮಿ.ಮೀ.!

ಗೊಂದಲವನ್ನು ಬಿಡಿಸಿದ್ದು ಗಾಸ್. ದಪ್ಪ ಮಸೂರದಲ್ಲಿ ಕಿರಣ ಎರಡು ಕಡೆ ಬಾಗುತ್ತದೆ. ಒಳಬಂದ ಮತ್ತು ಹೊರಹೋದ ಕಿರಣಗಳ ಗೆರೆಗಳನ್ನು ಮಸೂರದೊಳಕ್ಕೆ ಎಳೆದರೆ ಅವು ಸಂಧಿಸುವ ಕಡೆ ಪ್ರಧಾನ ಸಮತಲವಿದೆ. ಸಂಗಮದೂರವನ್ನು ಎಣಿಸಬೇಕಾದದ್ದು ಅಲ್ಲಿಂದ. ಮಸೂರದ ಎರಡೂ ದಿಕ್ಕಿಗೆ ಇಂಥ ಒಂದೊಂದು ಸಮತಲವುಂಟು. ಗೋಳದಲ್ಲಿ ಮಾತ್ರ ಎರಡೂ ನಡುಬಿಂದುವಿನಲ್ಲೇ ಕೂಡುತ್ತವೆ. ಎರಡು ಸಂಗಮಬಿಂದು, ಎರಡು ಪ್ರಧಾನ ಬಿಂದು, ಎರಡು ಪಾತಬಿಂದು: ಈ ಆರು ತಿಳಿದರೆ ಮಸೂರದೊಳಗಿನ ಕಿರಣದ ದಾರಿಯನ್ನು ಮರೆತುಬಿಡಬಹುದು. ಗಾಳಿಯಲ್ಲಿ ಪಾತಬಿಂದುಗಳು ಪ್ರಧಾನ ಬಿಂದುಗಳಲ್ಲೇ ಇರುತ್ತವೆ.

ನಡುಬಿಂದುವಿನಿಂದ 300 ಮಿ.ಮೀ. ದೂರದಲ್ಲಿ ದೀಪವಿಟ್ಟರೆ ಬಿಂಬ ಆಚೆ 100 ಮಿ.ಮೀ.ಗೆ ಮೂಡುತ್ತದೆ, ಹಳೆಯ ಸೂತ್ರವೇ ಸಾಕು. ಅದೇ ದೂರಗಳನ್ನು ಗಾಜಿನ ಮೇಲ್ಮೈಯಿಂದ ಅಳೆದರೆ 250 ಮತ್ತು 50. ಉತ್ತರ ಸುಮಾರು 42 ಮಿ.ಮೀ. ಎಂದು ತಪ್ಪುತ್ತದೆ. ದೀಪವನ್ನು ಸರಿಸಿದಾಗಲೆಲ್ಲ ಸಂಗಮದೂರ ಬದಲಾದಂತೆ ಕಂಡರೆ ಅಳತೆಯ ಆರಂಭಬಿಂದುವೇ ತಪ್ಪಿದೆ ಎಂದರ್ಥ.

ಈ ಲೆಕ್ಕ ಅಕ್ಷದ ಹತ್ತಿರದ ಕಿರಣಗಳಿಗಷ್ಟೇ ನಿಖರ. ಗೋಳದ ಅಂಚಿನಲ್ಲಿ ಹಾಯುವ ಕಿರಣಗಳು ಇನ್ನೂ ಹತ್ತಿರದಲ್ಲೇ ಕೂಡುತ್ತವೆ.